ಬೇಗ ಕೊಟ್ಟವರಿಗೆ ಸೋಡಿ, ತಡ ಮಾಡಿದವರಿಗೆ ಖರ್ಚು

ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಸಣ್ಣ ತಯಾರಕನಿಗೆ 20ನೇ ತಾರೀಖು ಬಿಗಿಯಾದ ದಿನ. ಹಿಂದಿನ ತಿಂಗಳು ಬರೆದ ಬಿಲ್‌ಗಳ ತೆರಿಗೆಯನ್ನು ಅಷ್ಟರೊಳಗೆ ಕಟ್ಟಬೇಕು. ಆ ಬಿಲ್‌ಗಳ ದುಡ್ಡು ಕೈಗೆ ಬಂತೋ ಇಲ್ಲವೋ ಎಂಬುದನ್ನು ಕಾನೂನು ಕೇಳುವುದಿಲ್ಲ. ಮೇ 5ಕ್ಕೆ ಸರಕು ಕಳಿಸಿದರೆ ಜೂನ್ 20ಕ್ಕೆ ತೆರಿಗೆ ಹೋಗುತ್ತದೆ, ಅಂಗಡಿಯವನು ಹಣ ಕಳಿಸುವುದು ಜುಲೈ ಮಧ್ಯದಲ್ಲೋ ಆಗಸ್ಟಿನಲ್ಲೋ. ನಡುವಿನ ಕೊರತೆಯನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ ತುಂಬುತ್ತದೆ, ಆ ಖಾತೆಯ ಮಿತಿ ಮುಗಿದಾಗ ಮನೆಯ ಬಂಗಾರ ತುಂಬುತ್ತದೆ. ಇಂಥ ಹೊತ್ತಿನಲ್ಲಿ ಯಾರಾದರೂ ಹೇಳುವ ಉಪಾಯ ಒಂದೇ: ಬೇಗ ಕೊಟ್ಟವರಿಗೆ ಶೇಕಡ ಎರಡು ಬಿಟ್ಟುಬಿಡಿ, ದುಡ್ಡು ತಾನಾಗಿ ಬರುತ್ತದೆ.

ದುಡ್ಡು ಬರುವುದು ನಿಜ. ಆದರೆ ಅದು ಯಾರಿಂದ ಬರುತ್ತದೆ, ಎಷ್ಟು ದಿನ ಮುಂಚೆ ಬರುತ್ತದೆ, ಅದಕ್ಕೆ ತಿಂಗಳಿಗೆ ಎಷ್ಟು ತೆರುತ್ತೇವೆ ಎಂದು ಕೂತು ಲೆಕ್ಕ ಹಾಕಿದವರು ಕಡಿಮೆ. ಬೇಗ ಪಾವತಿಗೆ ಕೊಡುವ ಸೋಡಿ ಎಂದರೆ ಗ್ರಾಹಕರಿಂದ ನಾವು ಎತ್ತುವ ಸಾಲ. ಸಾಲಕ್ಕೆ ಬಡ್ಡಿ ನೋಡುವಂತೆ ಇದಕ್ಕೂ ನೋಡಬೇಕು, ಮತ್ತು ಆ ಬಡ್ಡಿಯ ಭಾರ ತಡ ಮಾಡುವವರ ಮೇಲೆ ಬೀಳುವಂತೆ ಷರತ್ತನ್ನು ಕಟ್ಟಬೇಕು ಎನ್ನುವುದು ನನ್ನ ವಾದ. ಈಗ ಬಹಳ ಕಡೆ ನಡೆಯುತ್ತಿರುವುದು ಇದರ ತಿರುಗುಮುರುಗು. ಭಾರವನ್ನು ತಯಾರಕ ಹೊರುತ್ತಾನೆ, ಲಾಭ ಮೊದಲಿನಿಂದಲೂ ಬೇಗ ಕೊಡುತ್ತಿದ್ದವರಿಗೆ ಹೋಗುತ್ತದೆ, ತಡ ಮಾಡುವವನು ಇದ್ದಲ್ಲೇ ಇರುತ್ತಾನೆ.

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಪೀಣ್ಯದಲ್ಲಿ ಬಾಗಿಲಿನ ಕೀಲು, ಚಿಲಕ, ಹಿಡಿಕೆ ತಯಾರಿಸುವ ಒಂದು ಘಟಕವಿದೆ ಎನ್ನಿ. ಮಾಲು ಮೈಸೂರು, ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯ ಹಾರ್ಡ್‌ವೇರ್ ಅಂಗಡಿಗಳಿಗೆ ಉದ್ರಿಯ ಮೇಲೆ ಹೋಗುತ್ತದೆ. ಬಿಲ್‌ನಲ್ಲಿ ಅಚ್ಚಾಗಿರುವ ವಾಯಿದೆ 45 ದಿನ. ತೆರಿಗೆಯನ್ನು ಪಕ್ಕಕ್ಕಿಟ್ಟರೆ ತಿಂಗಳ ಮಾರಾಟ 20 ಲಕ್ಷ. ಲೆಡ್ಜರ್ ತೆಗೆದು ಬಿಲ್ ತಾರೀಖಿಗೂ ಹಣ ಬಂದ ತಾರೀಖಿಗೂ ನಡುವಿನ ದಿನಗಳನ್ನು ಎಣಿಸಿದರೆ ಅಂಗಡಿಗಳು ಮೂರು ಗುಂಪಾಗಿ ನಿಲ್ಲುತ್ತವೆ. ತಿಂಗಳಿಗೆ 6 ಲಕ್ಷದ ಮಾಲು ಕೊಳ್ಳುವ ಮೊದಲ ಗುಂಪು ಯಾರೂ ಕೇಳದೆ ಸುಮಾರು 20 ದಿನಕ್ಕೆ ಹಣ ಕಳಿಸುತ್ತದೆ. 8 ಲಕ್ಷದ ಎರಡನೆಯ ಗುಂಪು ನಾಲ್ಕು ಸಲ ಫೋನ್ ಮಾಡಿಸಿಕೊಂಡು 75 ದಿನಕ್ಕೆ ಕೊಡುತ್ತದೆ. ಉಳಿದ 6 ಲಕ್ಷದ ಮೂರನೆಯ ಗುಂಪು 130 ದಿನ ಎಳೆಯುತ್ತದೆ. ಸರಾಸರಿ 75 ದಿನ, ಯಾವ ಹೊತ್ತಿಗೆ ನೋಡಿದರೂ ಹೊರಗಿರುವ ಬಾಕಿ 50 ಲಕ್ಷ. ಆ 50 ಲಕ್ಷದಲ್ಲಿ ಮೊದಲ ಗುಂಪಿನದು 4 ಲಕ್ಷ, ಎರಡನೆಯದರದು 20 ಲಕ್ಷ, ಮೂರನೆಯದರದು 26 ಲಕ್ಷ. ಯಾವ ನಿರ್ಧಾರ ತೆಗೆದುಕೊಳ್ಳುವ ಮೊದಲೂ ಈ ವಿಂಗಡಣೆ ಕಣ್ಣೆದುರು ಇರಬೇಕು. ಸರಾಸರಿ ಎಂಬ ಒಂದೇ ಅಂಕಿಯನ್ನು ನಂಬಿ ಸೋಡಿ ಘೋಷಿಸಿದರೆ ಮುಂದೆ ಏನಾಯಿತೆಂದು ತಿಳಿಯುವುದೂ ಇಲ್ಲ.

ಈಗ ಘಟಕ ಹೀಗೆ ಹೇಳುತ್ತದೆ: 15 ದಿನದೊಳಗೆ ಕೊಟ್ಟರೆ ಶೇ. 2 ಸೋಡಿ, ಇಲ್ಲದಿದ್ದರೆ 45 ದಿನಕ್ಕೆ ಪೂರ್ತಿ. ಕಾಗದದ ಮೇಲೆ ಇದು ದುಬಾರಿ ಸಾಲ. ನೂರು ರೂಪಾಯಿಗೆ ಬದಲು 98 ರೂಪಾಯಿಯನ್ನು 30 ದಿನ ಮುಂಚೆ ಪಡೆಯಲು ಎರಡು ರೂಪಾಯಿ ಬಿಡುತ್ತಿದ್ದೇವೆ, ವರ್ಷದ ಲೆಕ್ಕಕ್ಕೆ ತಂದರೆ ಸುಮಾರು ಶೇ. 25 ಬಡ್ಡಿ. ವಾಣಿಜ್ಯದ ಪಠ್ಯಪುಸ್ತಕಗಳು ಕೊಡುವ ಪ್ರಸಿದ್ಧ ಉದಾಹರಣೆಯಲ್ಲಿ, ಅಂದರೆ 10 ದಿನಕ್ಕೆ ಕೊಟ್ಟರೆ ಶೇ. 2 ಸೋಡಿ, ಇಲ್ಲವೇ 30 ದಿನಕ್ಕೆ ಪೂರ್ತಿ ಎಂಬಲ್ಲಿ, ಅದು ಶೇ. 37 ಆಗುತ್ತದೆ. ಇದನ್ನು ಓದಿ ಹೆದರಿ ಸೋಡಿಯ ಮಾತೇ ಬೇಡ ಎಂದವರುಂಟು. ಆದರೆ ಪುಸ್ತಕದ ಗ್ರಾಹಕ 30 ದಿನ ಎಂದರೆ 30ನೇ ದಿನಕ್ಕೇ ಕೊಡುವವನು. ನಮ್ಮ ಎರಡನೆಯ ಗುಂಪಿನವನು 45 ಎಂದರೆ 75ಕ್ಕೆ ಕೊಡುತ್ತಾನೆ. ಅವನು 15ನೇ ದಿನಕ್ಕೆ ಬಂದರೆ ನಾವು ಕೊಂಡದ್ದು 60 ದಿನ, ಬಡ್ಡಿ ಶೇ. 12.4ಕ್ಕೆ ಇಳಿಯಿತು. ಕ್ಯಾಶ್ ಕ್ರೆಡಿಟ್ಟಿಗೆ ಬ್ಯಾಂಕು ಶೇ. 12 ಹಾಕುತ್ತಿದ್ದರೆ ಹೆಚ್ಚುಕಡಿಮೆ ಸಮ. ಸೋಡಿಯ ಬೆಲೆ ನಿಲ್ಲುವುದು ಅಚ್ಚಾದ ವಾಯಿದೆಯ ಮೇಲಲ್ಲ, ಆ ಅಂಗಡಿ ನಿಜವಾಗಿ ಹಣ ಕಳಿಸುತ್ತಿದ್ದ ದಿನದ ಮೇಲೆ.

ಇದೇ ಲೆಕ್ಕವನ್ನು ಅಂಗಡಿಯವನ ಕಡೆಯಿಂದಲೂ ಮಾಡಬೇಕು. ದಾವಣಗೆರೆಯ ಅಂಗಡಿಗೂ ಶೇ. 12ರ ಓಡಿ ಇದೆ ಎನ್ನೋಣ. ಒಂದು ಲಕ್ಷದ ಬಿಲ್ಲಿಗೆ ಅವನು 98,000 ರೂಪಾಯಿಯನ್ನು 60 ದಿನ ಮುಂಚೆ ಕೊಟ್ಟರೆ ಅವನ ಓಡಿಗೆ ಬೀಳುವ ಬಡ್ಡಿ ಸುಮಾರು 1,930 ರೂಪಾಯಿ. ಸಿಗುವ ಸೋಡಿ 2,000. ಎಪ್ಪತ್ತು ರೂಪಾಯಿಗಾಗಿ ಯಾರೂ ಅಭ್ಯಾಸ ಬದಲಿಸುವುದಿಲ್ಲ. ಕರೆಂಟ್ ಅಕೌಂಟಿನಲ್ಲಿ ಬಡ್ಡಿಯಿಲ್ಲದೆ ಹಣ ಮಲಗಿಸಿಕೊಂಡವನಿಗೆ ಮಾತ್ರ ಈ ಎರಡು ಸಾವಿರ ಪೂರ್ತಿ ಲಾಭ. ಹಾಗಾಗಿ ಎರಡನೆಯ ಗುಂಪಿನಲ್ಲಿ ಅರ್ಧದಷ್ಟು ಜನ ಬಂದರೆ ಅದೇ ದೊಡ್ಡದು. ಅವರು ಬರುವುದೂ ಮನೆ ಕಟ್ಟುವ ಕೆಲಸ ಜೋರಾಗಿದ್ದು ಗಲ್ಲಾಪೆಟ್ಟಿಗೆ ತುಂಬಿರುವ ತಿಂಗಳುಗಳಲ್ಲಿ. ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಮಳೆಗೆ ಕೆಲಸ ನಿಂತಿರುತ್ತದೆ, ಚಿಲಕ ಕೇಳುವವರಿಲ್ಲ. ಆಗ ಎಷ್ಟು ಸೋಡಿ ತೋರಿಸಿದರೂ ಅಂಗಡಿಯವನಲ್ಲಿ ಕೊಡಲು ಹಣವಿರುವುದಿಲ್ಲ.

ತಿಂಗಳ ಒಟ್ಟು ಲೆಕ್ಕ ಹಾಕೋಣ. ಎರಡನೆಯ ಗುಂಪಿನ 8 ಲಕ್ಷದಲ್ಲಿ 4 ಲಕ್ಷದವರು ಸೋಡಿ ಹಿಡಿದರು. ತಿಂಗಳಿಗೆ ಖರ್ಚು 8,000 ರೂಪಾಯಿ, ಹೊರಗಿದ್ದ ಬಾಕಿಯಲ್ಲಿ ಒಳಗೆ ಬಂದದ್ದು 8 ಲಕ್ಷ, ಅದರಿಂದ ತಿಂಗಳಿಗೆ ಉಳಿಯುವ ಬ್ಯಾಂಕ್ ಬಡ್ಡಿಯೂ 8,000. ಸರಿಗೆ ಸರಿ ಆಯಿತು. ಇನ್ನು ಮೊದಲ ಗುಂಪು. ಅವರು ಹೇಗೂ 20 ದಿನಕ್ಕೆ ಕೊಡುತ್ತಿದ್ದವರು, ಐದು ದಿನ ಹಿಂದಕ್ಕೆ ಸರಿಸಿ ಎಲ್ಲರೂ ಸೋಡಿ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳದಿದ್ದರೆ ಅವರೇ ದಡ್ಡರು. ಅವರಿಗೆ ತಿಂಗಳಿಗೆ 12,000 ಹೋಗುತ್ತದೆ. ಐದು ದಿನದ ಲಾಭದಿಂದ ಒಳಗೆ ಬರುವ ಬಾಕಿ ಒಂದೇ ಒಂದು ಲಕ್ಷ. ಒಂದು ಲಕ್ಷವನ್ನು ಕೈಯಲ್ಲಿಟ್ಟುಕೊಳ್ಳಲು ವರ್ಷಕ್ಕೆ 1,44,000 ರೂಪಾಯಿ! ಇಷ್ಟು ಬಡ್ಡಿ ಕೇಳುವ ಲೇವಾದೇವಿಗಾರ ಸಿಕ್ಕರೆ ಊರು ಸೇರಿ ಬೈಯುತ್ತದೆ, ಇಲ್ಲಿ ನಾವೇ ಪತ್ರ ಬರೆದು ಕೊಡುತ್ತೇವೆ. ಮೂರನೆಯ ಗುಂಪಿನಿಂದ ಯಾರೂ ಬರಲಿಲ್ಲ. ಎಲ್ಲ ಸೇರಿ ಖರ್ಚು 20,000, ಉಳಿದ ಬಡ್ಡಿ 9,000. ತಿಂಗಳಿಗೆ 11,000 ರೂಪಾಯಿ ನಷ್ಟ.

ಆದರೂ ಮೊದಲ ಎರಡು ತಿಂಗಳು ಯೋಜನೆ ಗೆದ್ದಂತೆಯೇ ಕಾಣುತ್ತದೆ. ಈ ಮೋಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೋಡಿ ಆರಂಭವಾದ ಕೂಡಲೇ ಹಳೆಯ ಬಿಲ್‌ಗಳ ಹಣ ಅದರ ಪಾಡಿಗೆ ಬರುತ್ತಲೇ ಇರುತ್ತದೆ, ಅದರ ಮೇಲೆ ಹೊಸ ಬಿಲ್‌ಗಳ ಹಣವೂ ಬೇಗ ಬರುತ್ತದೆ. ತಿಂಗಳ ವಸೂಲಿ 20 ಲಕ್ಷವಿದ್ದದ್ದು 24, 25 ಲಕ್ಷಕ್ಕೆ ಏರುತ್ತದೆ. ಮಾಲೀಕ ಹಿಗ್ಗುತ್ತಾನೆ. ಆದರೆ ಹೀಗೆ ಬರುವ ಹೆಚ್ಚುವರಿ ಹಣ ಒಟ್ಟು 9 ಲಕ್ಷ ಮಾತ್ರ, ಅದೂ ಒಂದೇ ಸಲ. ಹಳೆಯ ಬಿಲ್‌ಗಳು ಮುಗಿದ ಮೇಲೆ ವಸೂಲಿ ಮತ್ತೆ ತಿಂಗಳಿಗೆ 20 ಲಕ್ಷಕ್ಕೇ ನಿಲ್ಲುತ್ತದೆ, ಅದರಲ್ಲಿ 20,000 ಸೋಡಿ ಕಳೆದು 19,80,000. ಹಣ ಬಂದದ್ದು ಒಂದು ಸಲ, ಸೋಡಿ ಹೋಗುವುದು ಪ್ರತಿ ತಿಂಗಳು. ಆ 9 ಲಕ್ಷವನ್ನು ಹೊಸ ಪವರ್ ಪ್ರೆಸ್ಸಿಗೆ ಮುಂಗಡ ಕೊಟ್ಟವನು ಮುಂದೆ ಸಿಕ್ಕಿಕೊಳ್ಳುತ್ತಾನೆ. ಸೋಡಿ ನಿಲ್ಲಿಸಿದ ತಿಂಗಳಿನಿಂದ ಅಂಗಡಿಗಳು ಹಳೆಯ ಚಾಳಿಗೆ ಮರಳಿ ಅಷ್ಟೇ ಹಣ ವಸೂಲಿಯಿಂದ ಜಾರಿಹೋಗುತ್ತದೆ, ಆಗ ಯಂತ್ರವನ್ನು ಮಾರಿ ತೆರಿಗೆ ಕಟ್ಟಲಾಗದು. ಬಂದ ಹಣ ನೇರವಾಗಿ ಕ್ಯಾಶ್ ಕ್ರೆಡಿಟ್ ಖಾತೆಗೆ ಹೋಗಿ ಅಲ್ಲೇ ನಿಂತರೆ ಮಾತ್ರ ಮೇಲಿನ ಬಡ್ಡಿ ಉಳಿತಾಯ ಉಂಟು.

ಹಾಗಾದರೆ ಎರಡನೆಯ ಗುಂಪಿಗೆ ಮಾತ್ರ ಗುಟ್ಟಾಗಿ ಸೋಡಿ ಕೊಟ್ಟರೆ? ಲೆಕ್ಕದಲ್ಲಿ ಚೆನ್ನಾಗಿದೆ, ವ್ಯವಹಾರದಲ್ಲಿ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಗಳ ನಡುವೆ ಸುದ್ದಿ ಓಡಾಡುತ್ತದೆ, ಸೇಲ್ಸ್‌ಮನ್‌ಗಳೇ ಒಯ್ಯುತ್ತಾರೆ. ಇಪ್ಪತ್ತನೇ ದಿನಕ್ಕೆ ತಪ್ಪದೆ ಕೊಟ್ಟ ಮೈಸೂರಿನ ಹಿರಿಯ ವರ್ತಕರೊಬ್ಬರಿಗೆ, ಎಳೆದಾಡಿ ಕೊಡುವವನಿಗೆ ಸೋಡಿ ಸಿಕ್ಕಿತು, ನನಗಿಲ್ಲ ಎಂದು ಗೊತ್ತಾದ ದಿನ ಅವರು 75 ದಿನದವರಾಗುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ.

ನನಗೆ ಸರಿ ಎನಿಸುವ ದಾರಿ ದರಪಟ್ಟಿಯಲ್ಲೇ ಇದೆ. ಉಕ್ಕಿನ ಬೆಲೆ ಬದಲಾದಾಗ ಹೇಗೂ ದರ ಪರಿಷ್ಕರಿಸುತ್ತೇವೆ. ಆ ಹೊತ್ತಿನಲ್ಲಿ ಉದ್ರಿ ದರವನ್ನು ಶೇ. 1 ಹೆಚ್ಚಿಗೆ ಇಟ್ಟು, ಆ ದರದ ಮೇಲೆ 15 ದಿನದ ಪಾವತಿಗೆ ಶೇ. 2 ಸೋಡಿಯನ್ನು ಎಲ್ಲರಿಗೂ ಬಹಿರಂಗವಾಗಿ ಅಚ್ಚು ಹಾಕುವುದು. ಸೋಡಿ ಹಿಡಿದ 10 ಲಕ್ಷದವರಿಗೆ ಹಳೆಯ ದರಕ್ಕಿಂತ ಶೇ. 1ರಷ್ಟು ನಿಜವಾಗಿ ಕಡಿಮೆ ಬಿತ್ತು, ನಮಗೆ ಸುಮಾರು 10,000 ಹೋಯಿತು. ಸೋಡಿ ಬಿಟ್ಟ 10 ಲಕ್ಷದವರು ಶೇ. 1 ಹೆಚ್ಚು ತೆತ್ತರು, ಸುಮಾರು 10,000 ಬಂತು. ಬೆಲೆಯಲ್ಲಿ ಲಾಭನಷ್ಟ ಸಮವಾಗಿ, 9 ಲಕ್ಷ ಬಾಕಿ ಒಳಗೆ ಬಂದದ್ದರ ಬಡ್ಡಿ ಉಳಿತಾಯ ಪೂರ್ತಿ ನಮ್ಮದಾಯಿತು. ಬೇಗ ಕೊಡುವ ಹಳೆಯ ವರ್ತಕರಿಗೂ ಅವರ ಶಿಸ್ತಿಗೆ ತಕ್ಕದ್ದು ಸಿಕ್ಕಿತು, ಖರ್ಚನ್ನು ಮಾತ್ರ ತಡ ಮಾಡುವವರು ಹೊತ್ತರು. ಇದಕ್ಕೊಂದು ಮಿತಿ ಇದೆ. ಪಕ್ಕದ ಘಟಕದವನು ಅದೇ ಚಿಲಕವನ್ನು ಹಳೆಯ ದರಕ್ಕೆ 60 ದಿನದ ಉದ್ರಿಗೆ ಕೊಡುತ್ತಿದ್ದರೆ, ಬೇರೆ ಯಾರೂ ಮಾಡದ ಸಾಮಾನು ನಮ್ಮದಲ್ಲದಿದ್ದರೆ, ಶೇ. 1 ಏರಿಕೆಯೂ ನಿಲ್ಲದೆ ಹೋಗಬಹುದು. ಅಂಥ ಕಡೆ ಸೋಡಿಯನ್ನು ಘೋಷಿಸದಿರುವುದೇ ಮೇಲು.

ದರ ನಿಗದಿಯಾದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಗಡುವು, ಯೋಜನೆಗಳು ಸಾಯುವುದು ಹೆಚ್ಚಾಗಿ ಇಲ್ಲಿ. '15 ದಿನದೊಳಗೆ' ಎಂದು ಬರೆದರೆ ಮೊದಲ ಪ್ರಶ್ನೆ, ಯಾವತ್ತಿನಿಂದ? ನಾವು ಬಿಲ್ ತಾರೀಖಿನಿಂದ ಎನ್ನುತ್ತೇವೆ. ಕಲಬುರಗಿಯವನು ಲಾರಿ ಬಂದು ಸರಕು ಇಳಿಸಿದ ದಿನದಿಂದ ಎನ್ನುತ್ತಾನೆ. ಬಿಲ್ ಬರೆದು ನಾಲ್ಕು ದಿನ ಗೋದಾಮಿನಲ್ಲೇ ಸರಕು ಇಟ್ಟುಕೊಳ್ಳುವ ಅಭ್ಯಾಸ ನಮ್ಮದಾಗಿದ್ದರೆ ಅವನ ಮಾತೇ ನ್ಯಾಯ. ಹಾಗಾಗಿ ಸರಕು ಹೊರಟ ದಿನವೇ ಬಿಲ್ ಆಗಬೇಕು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಇರುವುದರಿಂದ ಹೊರಟ ತಾರೀಖು ಇಬ್ಬರಿಗೂ ಕಾಣುತ್ತದೆ. ಎರಡನೆಯ ಪ್ರಶ್ನೆ, ಕೊಟ್ಟದ್ದು ಎಂದರೆ ಯಾವುದು? ಹದಿನೈದನೇ ದಿನದ ತಾರೀಖು ಬರೆದ ಚೆಕ್ಕನ್ನು ಇಪ್ಪತ್ತೆರಡನೇ ದಿನ ಸೇಲ್ಸ್‌ಮನ್ ಕೈಗೆ ಕೊಟ್ಟರೆ ಅದು ಗಡುವಿನೊಳಗೆ ಬಂತೇ? ಷರತ್ತಿನಲ್ಲಿ ಹಣ ನಮ್ಮ ಖಾತೆಗೆ ಜಮೆಯಾದ ದಿನ ಎಂದೇ ಇರಬೇಕು. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲಿರುಳು ನಡೆಯುತ್ತಿವೆ, ಭಾನುವಾರ ಬಂತು, ಬ್ಯಾಂಕ್ ರಜೆ ಎಂಬ ಮಾತಿಗೆ ಈಗ ಜಾಗವಿಲ್ಲ.

ದಿನ ಎಣಿಸುವ ಕೆಲಸವನ್ನೇ ಅಂಗಡಿಯವನಿಗೆ ಬಿಡಬಾರದು. ಬಿಲ್ಲಿನ ಕೆಳಗೆ ಎರಡು ಸಾಲು ಸಾಕು: ಜೂನ್ 18ರೊಳಗೆ ಜಮೆಯಾದರೆ 1,16,000 ರೂಪಾಯಿ; ಆಮೇಲೆ ಜುಲೈ 15ರವರೆಗೆ 1,18,000 ರೂಪಾಯಿ. ಶೇಕಡಾವಾರು ಓದಿ ಯಾರೂ ಹಣ ಕಳಿಸುವುದಿಲ್ಲ, ತಾರೀಖು ಮತ್ತು ಮೊತ್ತ ಕಂಡರೆ ಲೆಕ್ಕ ಬರೆಯುವ ಹುಡುಗನೂ ಪಾವತಿ ಹಾಕಬಲ್ಲ. ಈ ಮೊತ್ತದಲ್ಲಿ ಇನ್ನೊಂದು ತಕರಾರೂ ತೀರಿದೆ. ಸರಕಿನ ಬೆಲೆ ಒಂದು ಲಕ್ಷ, ಶೇ. 18ರ ಜಿಎಸ್‌ಟಿ ಸೇರಿ 1,18,000. ಸೋಡಿ ಒಂದು ಲಕ್ಷದ ಮೇಲೋ 1,18,000ದ ಮೇಲೋ ಎಂದು ಬರೆಯದಿದ್ದರೆ ಅಂಗಡಿಯವನು 2,360 ಮುರಿದುಕೊಳ್ಳುತ್ತಾನೆ, ನಾವು 2,000 ಎನ್ನುತ್ತೇವೆ, 360 ರೂಪಾಯಿ ವರ್ಷಗಟ್ಟಲೆ ಲೆಡ್ಜರಿನಲ್ಲಿ ನೇತಾಡುತ್ತದೆ. ತೆರಿಗೆಯನ್ನು ಮುಟ್ಟದೆ ಸರಕಿನ ಬೆಲೆಯ ಮೇಲೆ ಮಾತ್ರ ಸೋಡಿ ಕೊಟ್ಟು, ಅದಕ್ಕೆ ತೆರಿಗೆ ಸೇರಿಸದ ವಾಣಿಜ್ಯ ಕ್ರೆಡಿಟ್ ನೋಟ್ ಹಾಕುವುದು ಸಣ್ಣ ಘಟಕಕ್ಕೆ ಸುಲಭ. ಅಂಗಡಿಯವನು ಕಟ್ಟಿದ ಪೂರ್ತಿ ತೆರಿಗೆಗೆ ಅವನಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದರಿಂದ ಅವನಿಗೂ ನಷ್ಟವಿಲ್ಲ. ತೆರಿಗೆಯನ್ನೂ ಇಳಿಸಿಕೊಳ್ಳಬೇಕೆಂದರೆ ಜಿಎಸ್‌ಟಿ ಕಾಯ್ದೆಯ 15ನೇ ಕಲಮು ಅಡ್ಡ ಬರುತ್ತದೆ. ಸೋಡಿಯನ್ನು ಮಾರಾಟಕ್ಕೆ ಮುಂಚೆಯೇ ಒಪ್ಪಿರಬೇಕು, ನಿರ್ದಿಷ್ಟ ಬಿಲ್ಲಿಗೆ ಜೋಡಿಸಿರಬೇಕು, ಕೊಂಡವನು ಅಷ್ಟು ಜಮೆಯನ್ನು ಹಿಂತಿರುಗಿಸಬೇಕು ಎಂದು ಅದು ಕೇಳುತ್ತಾ ಬಂದಿದೆ. ಮೊದಲೆರಡು ಷರತ್ತುಗಳನ್ನು ಸಡಿಲಿಸಲು 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿತು. ಹೇಗಿದ್ದರೂ ಸೋಡಿಯನ್ನು ಮೊದಲೇ ಬರೆದಿಟ್ಟವನಿಗೆ ಆತಂಕ ಕಡಿಮೆ.

ಗಡುವಿಗೆ ನಾನು 18ನೇ ತಾರೀಖನ್ನು ಸುಮ್ಮನೆ ಆರಿಸಿಲ್ಲ. ಬಿಲ್ಲಿಗೊಂದು ಗಡುವಿದ್ದರೆ ತಿಂಗಳಿಗೆ ಎಂಟು ಬಿಲ್ ಪಡೆಯುವ ಅಂಗಡಿ ಎಂಟು ತಾರೀಖು ನೆನಪಿಡಬೇಕು, ಅದು ಆಗದ ಮಾತು. ತಿಂಗಳಿನ 1ರಿಂದ 15ರವರೆಗಿನ ಬಿಲ್‌ಗಳಿಗೆಲ್ಲ ಅದೇ ತಿಂಗಳ 25, 16ರಿಂದ ಕೊನೆಯವರೆಗಿನವಕ್ಕೆ ಮುಂದಿನ ತಿಂಗಳ 18 ಎಂದು ಎರಡೇ ಗಡುವು ಇಟ್ಟರೆ ಅಂಗಡಿಗೂ ಸರಳ, ನಮಗೂ 20ರ ತೆರಿಗೆಗೆ ಎರಡು ದಿನ ಮುಂಚೆ ಹಣ ಕೂಡುತ್ತದೆ. ಕೆಲವು ಬಿಲ್ಲಿಗೆ ಹತ್ತು ದಿನ, ಕೆಲವಕ್ಕೆ ಮೂವತ್ತಮೂರು ದಿನದವರೆಗೂ ಆಗುವುದು ನಿಜ. ಈ ಏರುಪೇರನ್ನು ಸಹಿಸಿಕೊಳ್ಳಬಹುದು, ಯಾಕೆಂದರೆ ಎದುರಿಗಿರುವ ಎಪ್ಪತ್ತೈದು ದಿನಗಳ ಮುಂದೆ ಅದು ಸಣ್ಣದು.

ಸಹಿಸಿಕೊಳ್ಳಬಾರದ್ದು ಎರಡಿವೆ. ಮೊದಲನೆಯದು ಗಡುವು ದಾಟಿದ ಮೇಲೂ ಸೋಡಿ ಮುರಿದುಕೊಂಡು ಕಳಿಸುವುದು. ಇಪ್ಪತ್ತೇಳನೇ ದಿನ 1,16,000 ಬಂದು ಬೀಳುತ್ತದೆ. ಎರಡು ಸಾವಿರಕ್ಕೆ ಯಾಕೆ ಜಗಳ, ಒಳ್ಳೆಯ ಪಾರ್ಟಿ ಎಂದು ಸೇಲ್ಸ್‌ಮನ್ ಹೇಳುತ್ತಾನೆ. ಒಮ್ಮೆ ಬಿಟ್ಟರೆ ಮುಂದಿನ ಸಲ ಮೂವತ್ತೈದನೇ ದಿನ ಅದೇ ಮೊತ್ತ ಬರುತ್ತದೆ, ಗಡುವು ಸತ್ತು ಸೋಡಿ ಮಾತ್ರ ಉಳಿಯುತ್ತದೆ. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ವರ್ಷದ ತೆರಿಗೆಯನ್ನು ಏಪ್ರಿಲ್ ಒಳಗೆ ಒಟ್ಟಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಎಂಬುದು ನಿಯಮ. ಆದರೆ ಗಡುವು ಮುಂದೆ ಹೋದ ವರ್ಷಗಳುಂಟು, 2024ರಲ್ಲಿ ಅದು ಜುಲೈ ಕೊನೆಯವರೆಗೂ ನಡೆಯಿತು. ಏಪ್ರಿಲ್‌ನಲ್ಲಿ ಸಾಲ ಮಾಡಿ ಕಟ್ಟಿದವನಿಗೂ ಜುಲೈನಲ್ಲಿ ಕಟ್ಟಿದವನಿಗೂ ಒಂದೇ ರಿಯಾಯಿತಿ ಎಂದಾದ ಮೇಲೆ, ಮರುವರ್ಷ ಏಪ್ರಿಲ್‌ನಲ್ಲಿ ಯಾರು ಆತುರಪಡುತ್ತಾರೆ? ಪಾಲಿಕೆಗೆ ಬೇರೆ ಒತ್ತಡಗಳಿರಬಹುದು. ಘಟಕದ ಮಾಲೀಕನಿಗೆ ಅಂಥ ಒತ್ತಡವಿಲ್ಲ. ಕಡಿಮೆ ಬಿದ್ದ ಎರಡು ಸಾವಿರವನ್ನು ಅದೇ ದಿನ ವಾಟ್ಸಾಪ್‌ನಲ್ಲಿ ತಿಳಿಸಿ, ಮುಂದಿನ ಬಿಲ್ಲಿನಲ್ಲಿ ಹಿಂಬಾಕಿಯಾಗಿ ತೋರಿಸಬೇಕು. ನೆಟ್‌ವರ್ಕ್ ಕೈಕೊಟ್ಟು ಒಂದು ದಿನ ತಪ್ಪಿತು ಎಂಬಂಥ ಕಾರಣಗಳಿಗೆ ಎರಡು ದಿನದ ಕೃಪಾವಧಿ ಇಟ್ಟುಕೊಳ್ಳುವುದಾದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಅಚ್ಚಾದರೆ ಅದೇ ಹೊಸ ಗಡುವಾಗುತ್ತದೆ.

ಎರಡನೆಯದು ಇದಕ್ಕಿಂತ ಕೆಟ್ಟದ್ದು, ಬೇಗ ಕಣ್ಣಿಗೆ ಬೀಳುವುದೂ ಇಲ್ಲ. ಅಂಗಡಿಯವನು ಹೊಸ ಬಿಲ್ಲನ್ನು 15 ದಿನಕ್ಕೆ ಕೊಟ್ಟು ಸೋಡಿ ಪಡೆಯುತ್ತಾನೆ, ಹಳೆಯ ಎರಡು ಬಿಲ್‌ಗಳು ಹಾಗೇ ಮಲಗಿರುತ್ತವೆ. ಮೊದಲು ಹಳೆಯದಕ್ಕೆ ಹೋಗುತ್ತಿದ್ದ ದುಡ್ಡೇ ಈಗ ಹೊಸದಕ್ಕೆ ಬಂದಿದೆ. ನಮ್ಮ ಒಟ್ಟು ಬಾಕಿ ಒಂದು ರೂಪಾಯಿಯೂ ಇಳಿಯದೆ ಶೇ. 2 ಮಾತ್ರ ಕೈಬಿಟ್ಟಿತು. ಸೋಡಿ ಹಿಡಿದವರ ಪಟ್ಟಿ ಉದ್ದವಾಗುತ್ತಿದ್ದು ಒಟ್ಟು ಬಾಕಿ ಇಳಿಯದಿದ್ದರೆ ನಡೆಯುತ್ತಿರುವುದು ಇದೇ ಎಂದು ತಿಳಿಯಬಹುದು. ಇಲ್ಲಿ 1872ರ ಕರಾರು ಕಾಯ್ದೆಯ 59ರಿಂದ 61ನೇ ಕಲಮುಗಳನ್ನು ನೆನಪಿಡಬೇಕು. ಹಲವು ಬಾಕಿಗಳಿರುವಾಗ ಈ ಹಣ ಇಂಥ ಬಿಲ್ಲಿಗೆ ಎಂದು ಹೇಳಿ ಕೊಡುವ ಹಕ್ಕು ಕೊಡುವವನದು, ನಾವು ಒಪ್ಪಿ ತೆಗೆದುಕೊಂಡರೆ ಹಾಗೆಯೇ ಜಮೆ ಮಾಡಬೇಕು. ಅವನು ಏನೂ ಹೇಳದಿದ್ದರೆ ಆಯ್ಕೆ ನಮ್ಮದು. ಇಬ್ಬರೂ ಸುಮ್ಮನಿದ್ದರೆ ಹಳೆಯದಕ್ಕೆ ಮೊದಲು. ಹಾಗಾಗಿ ಹೊಸ ಬಿಲ್ಲಿನ ನಂಬರ್ ಹಾಕಿ ಕಳಿಸಿದ ಹಣವನ್ನು ನಮ್ಮಷ್ಟಕ್ಕೆ ನಾವೇ ಹಳೆಯದಕ್ಕೆ ತಿರುಗಿಸುವುದು ನಿಲ್ಲುವ ವಾದವಲ್ಲ. ಆದರೆ 45 ದಿನ ದಾಟಿದ ಯಾವುದೇ ಬಾಕಿ ಇರುವಾಗ ಸೋಡಿ ಇಲ್ಲ ಎಂದು ಷರತ್ತಿನಲ್ಲೇ ಬರೆಯಲು ಯಾರೂ ಅಡ್ಡ ಬರುವುದಿಲ್ಲ. ಒಂದೇ ಒಂದು ಷರತ್ತು ಬರೆಯಲು ಜಾಗವಿದ್ದರೆ ನಾನು ಇದನ್ನೇ ಬರೆಯುತ್ತೇನೆ.

ಯೋಜನೆಗೂ ಒಂದು ಕೊನೆಯ ದಿನ ಬೇಕು. ಮೂರು ತಿಂಗಳಿಗೆ ಎಂದು ಘೋಷಿಸಿ, ಅಷ್ಟರಲ್ಲಿ ಎರಡನೆಯ ಗುಂಪಿನ ದಿನಗಳು 75ರಿಂದ ಎಷ್ಟಕ್ಕೆ ಇಳಿದವು ಎಂದು ಆ ಗುಂಪಿನದನ್ನೇ ಪ್ರತ್ಯೇಕವಾಗಿ ಅಳೆಯಬೇಕು. ಅರ್ಧದಷ್ಟು ಮಂದಿ 15 ದಿನಕ್ಕೆ ಬಂದರೆ ಆ ಗುಂಪಿನ ಸರಾಸರಿ 45 ಆಗುತ್ತದೆ. 60ರ ಹತ್ತಿರವೇ ನಿಂತರೆ ಕಾಲುಭಾಗದವರೇ ಬಂದಿದ್ದಾರೆ ಎಂದರ್ಥ, ಮೊದಲ ಗುಂಪಿಗೆ ಹೋಗುತ್ತಿರುವ ಸೋಡಿಯನ್ನು ಅಷ್ಟು ಕಡಿಮೆ ಜನರಿಂದ ಬಂದ ಲಾಭ ಹೊರಲಾರದು. ಆಗ ಹೇಳಿದ ದಿನಕ್ಕೆ ನಿಲ್ಲಿಸಬೇಕು. ಮಾರ್ಚ್‌ನಲ್ಲಿ ಮಾತ್ರ ಪ್ರಯೋಗ ಮಾಡಬಾರದು. ವರ್ಷದ ಲೆಕ್ಕ ಮುಗಿಸಲು ಅಂಗಡಿಗಳು ಆಗ ಹೇಗೂ ಬಾಕಿ ತೀರಿಸುತ್ತವೆ, ಸೋಡಿಯಿಂದ ಬಂದದ್ದಾವುದು, ತಾನಾಗಿ ಬಂದದ್ದಾವುದು ಎಂದು ತಿಳಿಯುವುದಿಲ್ಲ.

ಇನ್ನು ಮೂರನೆಯ ಗುಂಪು. ಬಾಕಿಯ ಅರ್ಧಕ್ಕಿಂತ ಹೆಚ್ಚು, 26 ಲಕ್ಷ, ಅವರಲ್ಲೇ ಇದೆ, ಸೋಡಿ ಅವರನ್ನು ಮುಟ್ಟುವುದೇ ಇಲ್ಲ. ಕಾರಣ ಸರಳ. 130 ದಿನಕ್ಕೆ ಕೊಡುವವನು ಶೇ. 2 ಬಿಟ್ಟು 115 ದಿನ ಹೆಚ್ಚಿಗೆ ಹಣ ಇಟ್ಟುಕೊಂಡರೆ ಅವನಿಗೆ ಬೀಳುವ ಬಡ್ಡಿ ವರ್ಷಕ್ಕೆ ಶೇ. 6.5. ನಮಗಿಂತ ಅಗ್ಗವಾಗಿ ಅವನಿಗೆ ಸಾಲ ಕೊಡುವ ಬ್ಯಾಂಕಿಲ್ಲ. ಕೈಸಾಲಕ್ಕೆ ಶೇ. 24 ಕೊಡುತ್ತಿರುವವನನ್ನು ಸೋಡಿಯಿಂದ ಎಬ್ಬಿಸಬೇಕಾದರೆ ಶೇ. 7ಕ್ಕೂ ಹೆಚ್ಚು ಬಿಡಬೇಕು, ಅಷ್ಟು ಲಾಭವೇ ಈ ಸರಕಿನಲ್ಲಿ ಉಳಿಯುವುದು ಕಷ್ಟ. ಮೇಲಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಕ್ಯಾಶ್ ಕ್ರೆಡಿಟ್ ಎತ್ತುವ ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಇವರ ತಡದಿಂದ ನಮ್ಮ ಸಾಲದ ದಾರಿಯೂ ಕಿರಿದಾಗುತ್ತದೆ.

ಇವರ ವಿಷಯದಲ್ಲಿ ಬೇರೆ ಅಸ್ತ್ರಗಳಿವೆ. ಘಟಕ ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ತಯಾರಕನದಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಅವನ ಪರವಾಗಿದೆ. ಲಿಖಿತ ಒಪ್ಪಂದವಿದ್ದರೂ ವಾಯಿದೆ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ 43ಬಿ(ಎಚ್) ನಿಯಮದಂತೆ ಅಂಥ ಬಾಕಿಯನ್ನು ಕೊಳ್ಳುವವನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚಾಗಿ ತೋರಿಸಬಹುದು. ಬಿಲ್ ಆಗಿ 180 ದಿನದೊಳಗೆ ಹಣ ಕೊಡದಿದ್ದರೆ ತಾನು ಪಡೆದ ಜಿಎಸ್‌ಟಿ ಜಮೆಯನ್ನೂ ಅವನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಅಂಗಡಿಯ ಆಡಿಟರ್‌ಗೆ ಇವೆಲ್ಲ ಗೊತ್ತಿರುತ್ತವೆ, 150ನೇ ದಿನ ಬಿಲ್ ನಂಬರ್‌ಗಳ ಪಟ್ಟಿ ಹಾಕಿ ವಿನಯದಿಂದ ಬರೆದ ಒಂದು ಪತ್ರ ಅವರ ಮೇಜಿಗೆ ಹೋದರೆ ಸಾಕು, ಹಣ ಹೊರಡುವುದನ್ನು ನಿರೀಕ್ಷಿಸಬಹುದು. ದೂರು, ಕೋರ್ಟು ಎಲ್ಲ ಆಮೇಲಿನ ಮಾತು.

ಅದಕ್ಕೂ ಮೊದಲು ಮಾಡಬೇಕಾದದ್ದು ಉದ್ರಿಗೆ ಮಿತಿ ಹಾಕುವುದು. ಹಳೆಯ ಬಿಲ್ ತೀರದೆ ಹೊಸ ಸರಕು ಲಾರಿ ಹತ್ತಬಾರದು, ಬೇಕಾದರೆ ಮುಂಗಡ ಹಣಕ್ಕೆ ಕೊಡಬಹುದು. ತಿಂಗಳಿಗೆ 6 ಲಕ್ಷದ ಮಾರಾಟದಲ್ಲಿ ಒಂದೂವರೆ ಲಕ್ಷ ಇದರಿಂದ ಕೈತಪ್ಪಿದರೂ 130 ದಿನದ ಲೆಕ್ಕದಲ್ಲಿ 6.5 ಲಕ್ಷ ಬಾಕಿ ಹೊರಗೆ ಹೋಗದೆ ಉಳಿಯುತ್ತದೆ, ಇಡೀ ಸೋಡಿ ಯೋಜನೆ ಒಳಗೆ ತಂದದ್ದು 9 ಲಕ್ಷ. ಮಾರಾಟ ಇಳಿದರೆ ಸೇಲ್ಸ್‌ಮನ್ ಕಮಿಷನ್ ಇಳಿಯುತ್ತದೆ, ಅವನು ವಿರೋಧಿಸುತ್ತಾನೆ. ಕಮಿಷನ್ನನ್ನು ಬಿಲ್ಲಿನ ಮೇಲಿನಿಂದ ವಸೂಲಾದ ಹಣದ ಮೇಲಕ್ಕೆ ಬದಲಿಸಿದರೆ ಅವನೇ ಹಳೆಯ ಬಾಕಿ ಕೇಳಲು ಹೋಗುತ್ತಾನೆ. ಅಂಗಡಿಗೂ ದಾರಿ ತೆರೆದೇ ಇರುತ್ತದೆ: 45 ದಿನ ದಾಟಿದ ಬಾಕಿ ಸೊನ್ನೆಯಾದ ಮೊದಲ ತಿಂಗಳಿನಿಂದಲೇ ಬಿಲ್ಲಿನ ಕೆಳಗಿನ ಆ ಕಡಿಮೆ ಮೊತ್ತ ಅವನಿಗೂ ಅನ್ವಯಿಸುತ್ತದೆ, ಅದಕ್ಕಾಗಿ ಅವನು ಯಾರನ್ನೂ ಕೇಳಬೇಕಿಲ್ಲ.